ಖಾತೆ ಅಳಿಸಿದಿರಿ, ಹೆಸರು ಯಾರ ಪಾಲು?

ಗಂಗೊಳ್ಳಿ ಬಂದರಿನ ಹತ್ತಿರ ಒಂದು ಒಣಮೀನಿನ ಅಂಗಡಿ ಇದೆ ಅಂದುಕೊಳ್ಳಿ. ಬೋರ್ಡಿನ ಮೇಲೆ, ರಿಕ್ಷಾದ ಹಿಂದೆ, ಬಿಲ್ಲಿನ ಕೆಳಗೆ ಒಂದೇ ಹೆಸರು: @gangolli_onameenu. ಅಂಗಡಿಯವರು ಇನ್‌ಸ್ಟಾಗ್ರಾಂ ಖಾತೆ ಡಿಲೀಟ್ ಮಾಡಿದರು. 30 ದಿನ ಕಳೆದರೆ ಖಾತೆ ವಾಪಸ್ ಬರಲ್ಲ. ಆದರೆ ಆ ಹೆಸರನ್ನು ಬೇರೆ ಯಾರಾದರೂ ತಗೋಬಹುದು.

ಯಾಕೆ ಗೊತ್ತಾ? ಕಂಪನಿಯ ಲೆಕ್ಕದಲ್ಲಿ ನಿಮ್ಮ ಖಾತೆ ಅಂದ್ರೆ ಒಂದು ನಂಬರ್. ಹೆಸರು ಅದಕ್ಕೆ ಅಂಟಿಸಿದ ಚೀಟಿ ಅಷ್ಟೇ. ನಂಬರ್ ಅಳಿದರೂ ಬೋರ್ಡು, ಹಳೇ ಲಿಂಕು ಎಲ್ಲ ತೋರಿಸೋದು ಆ ಚೀಟಿಯನ್ನೇ.

ಹಳೇ ಫಾಲೋವರ್ಸ್ ಹೊಸಬನಿಗೆ ಸಿಗಲ್ಲ. ಆದರೆ ದುಬೈನಲ್ಲಿರೋ ಊರಿನವರೊಬ್ಬರು ಹಳೇ ಲಿಂಕ್ ಒತ್ತಿ, "ಅಣ್ಣ, ಎರಡ್ ಕೆಜಿ ಒಣ ಚಟ್ಲಿ ಕಳ್ಸಿ" ಅಂತ ಅಡ್ವಾನ್ಸ್ ಹಾಕಿದ್ರೆ? ದುಡ್ಡು ಅಪರಿಚಿತನ ಕೈಗೆ.

ಹೀಗೆ ಹಿಂದೆಯೂ ಆಗಿದೆ. 2013ರಲ್ಲಿ ಯಾಹೂ, ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಳಸದ ಐಡಿಗಳನ್ನು ಬೇರೆಯವರಿಗೆ ಕೊಟ್ಟಿತು. ಹಳೇ ಮಾಲೀಕರ ಖಾಸಗಿ ಮೇಲ್‌ಗಳು ಕೆಲವು ಹೊಸಬರಿಗೆ ಬಂದು ಬಿದ್ದವು!

ಅನುಮಾನ ಬಂದ್ರೆ ಇನ್‌ಸ್ಟಾಗ್ರಾಂ ಪ್ರೊಫೈಲ್‌ನ ಮೂರು ಚುಕ್ಕಿ ಒತ್ತಿ, About this account ನೋಡಿ. ಹಳೇ ಅಂಗಡಿ, ಆದರೆ ಖಾತೆ ಸೇರಿದ್ದು ಮೊನ್ನೆ ಮೊನ್ನೆ ಅಂತಿದ್ರೆ, ದುಡ್ಡು ಹಾಕೋ ಮೊದಲು ಬಿಲ್ಲಿನಲ್ಲಿರೋ ಫೋನಿಗೆ ಕರೆ ಮಾಡಿ. ಅಂಗಡಿಯವರೇ, ಇನ್‌ಸ್ಟಾಗ್ರಾಂ ಬೇಡ ಅನ್ನಿಸಿದರೆ ಪೋಸ್ಟ್‌ಗಳನ್ನು ತೆಗೆದುಹಾಕಿ, ಖಾತೆ ಮಾತ್ರ ನಿಮ್ಮ ಹತ್ತಿರವೇ ಇರಲಿ. ಬೋರ್ಡಿನ ಹೆಸರನ್ನೂ ಅಳಿಸಿ.