ಗುರುವಿನ ಹತ್ತಿರ ಹೋದ ಧೂಮಕೇತು

1993ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊಮಾರ್ ವೀಕ್ಷಣಾಲಯದಲ್ಲಿ ತೆಗೆದ ಒಂದು ಚಿತ್ರದಲ್ಲಿ, ಗುರುಗ್ರಹದ ಪಕ್ಕ ಅಡ್ಡಗೆರೆಯಂಥ ಮಸುಕು ಗುರುತೊಂದು ಕಂಡಿತು. ಧೂಮಕೇತುವಾದರೆ ದುಂಡಗಿನ ತಲೆ ಇರಬೇಕು, ಇದಕ್ಕೆ ಇರಲಿಲ್ಲ. ದೊಡ್ಡ ದೂರದರ್ಶಕಗಳಲ್ಲಿ ನೋಡಿದಾಗ ಆ ಗೆರೆ ಒಂದರ ಹಿಂದೊಂದು ಸಾಲುಗಟ್ಟಿದ ಇಪ್ಪತ್ತೊಂದು ತುಣುಕುಗಳೆಂದು ಗೊತ್ತಾಯಿತು. ಕಂಡುಹಿಡಿದ ಕ್ಯಾರೊಲಿನ್ ಮತ್ತು ಯೂಜಿನ್ ಶೂಮೇಕರ್ ದಂಪತಿ ಹಾಗೂ ಡೇವಿಡ್ ಲೆವಿ ಅವರ ಹೆಸರಿನಿಂದ ಅದು ಶೂಮೇಕರ್-ಲೆವಿ 9 ಆಯಿತು.

ತುಣುಕುಗಳ ದಾರಿಯನ್ನು ಹಿಮ್ಮುಖವಾಗಿ ಲೆಕ್ಕ ಹಾಕಿದರೆ, 1992ರ ಜುಲೈನಲ್ಲಿ ಅವೆಲ್ಲ ಒಂದೇ ಕಡೆ ಸೇರುತ್ತಿದ್ದವು. ಗುರುವಿನ ಮೋಡಗಳಿಂದ ಕೆಲವೇ ಹತ್ತು ಸಾವಿರ ಕಿ.ಮೀ. ಮೇಲೆ! ಅಲ್ಲಿ ಯಾವುದೂ ಅದಕ್ಕೆ ಡಿಕ್ಕಿ ಹೊಡೆದಿರಲಿಲ್ಲ. ಅಷ್ಟು ಹತ್ತಿರ ಹೋದದ್ದೇ ಒಡೆಯಲು ಸಾಕಾಯಿತು.

ನಮ್ಮ ಸಮುದ್ರದಲ್ಲಿ ಉಬ್ಬರವಿಳಿತ ತರುವ ಬಲವೇ ಇಲ್ಲಿಯೂ ಕೆಲಸ ಮಾಡಿದ್ದು. ಗ್ರಹದ ಕಡೆ ಮುಖ ಮಾಡಿದ ಭಾಗವನ್ನು ಗ್ರಹ ಹೆಚ್ಚು ಸೆಳೆಯುತ್ತದೆ, ಆಚೆ ಬದಿಯನ್ನು ಕಡಿಮೆ. ಈಚಿನದು ಮುಂದಕ್ಕೆ ಜಗ್ಗಿ ಆಚಿನದು ಹಿಂದುಳಿಯುವುದರಿಂದ ಇಡೀ ಕಾಯ ಉದ್ದಕ್ಕೆ ಎಳೆದಂತಾಗುತ್ತದೆ. ದೂರ ಅರ್ಧವಾದರೆ ಗುರುತ್ವ ನಾಲ್ಕು ಪಟ್ಟು ಹೆಚ್ಚುತ್ತದೆ. ಈ ಎಳೆತವಾದರೋ ಎಂಟು ಪಟ್ಟು. ಹಾಗಾಗಿ ದೂರದಲ್ಲಿ ಲೆಕ್ಕಕ್ಕೇ ಬಾರದ ಬಲ ಹತ್ತಿರ ಬಂದಂತೆ ಏಕಾಏಕಿ ಜೋರಾಗುತ್ತದೆ.

ಈ ಎಳೆತಕ್ಕೆ ಎದುರು ನಿಲ್ಲುವುದು ಕಾಯದ ಸ್ವಂತ ಗುರುತ್ವ. ಅದು ಎಷ್ಟು ದುರ್ಬಲವೆಂದು ನೋಡಿ. ಈ ಧೂಮಕೇತು ಒಡೆಯುವ ಮುನ್ನ ಸುಮಾರು ಒಂದೂವರೆ ಕಿ.ಮೀ. ಅಗಲವಿತ್ತು, ಸಾಂದ್ರತೆ ನೀರಿಗಿಂತ ಕಡಿಮೆ, ಸುಮಾರು 0.6 ಎಂಬುದು ಒಂದು ಪ್ರಮುಖ ಅಂದಾಜು. ಆ ಲೆಕ್ಕದಲ್ಲಿ, ಇಲ್ಲಿ 80 ಕೆ.ಜಿ. ತೂಗುವವರು ಅದರ ಮೇಲೆ ನಿಂತರೆ ತೂಗುವುದು ಒಂದೇ ಗ್ರಾಂ. ಗುರುವಿಗೆ ತೀರಾ ಹತ್ತಿರವಾದ ಗಳಿಗೆಯಲ್ಲಿ ಗುರುವಿನತ್ತ ಇರುವ ತುದಿಯಲ್ಲಿ ಅದೇ ಮನುಷ್ಯರನ್ನು ಹೊರಕ್ಕೆ ಎಳೆಯುತ್ತಿದ್ದ ಬಲ ಹೆಚ್ಚುಕಡಿಮೆ ಎರಡು ಗ್ರಾಂ ತೂಕದಷ್ಟು. ಒಂದು ಗ್ರಾಂ ಎದುರು ಎರಡು ಗ್ರಾಂ, ಅಷ್ಟೇ ಜಗಳ. ಪಾಕ ಸರಿಯಾಗಿ ಬರದ ಪುರಿ ಉಂಡೆಯಂತೆ ಧೂಮಕೇತು ಬಿಟ್ಟುಕೊಂಡಿತು.

ಎಳೆತವೂ ಸ್ವಂತ ಗುರುತ್ವವೂ ಸರಿಸಮನಾಗುವ ದೂರವನ್ನು 1848ರಲ್ಲಿ ಫ್ರಾನ್ಸ್‌ನ ಮೊಂಪೆಲಿಯೆಯ ಗಣಿತಜ್ಞ ಎಡುವಾರ್ ರೋಶ್ ಲೆಕ್ಕ ಹಾಕಿದ್ದರು. ದ್ರವದಂತೆ ಆಕಾರ ಬದಲಿಸುವ ಚಂದ್ರ, ಸಾಂದ್ರತೆಯೂ ಗ್ರಹದಷ್ಟೇ ಇದ್ದರೆ, ಗ್ರಹದ ಕೇಂದ್ರದಿಂದ ಅದರ ತ್ರಿಜ್ಯದ 2.44 ಪಟ್ಟು ದೂರದೊಳಗೆ ಉಳಿಯಲಾರದು. ಚಂದ್ರ ಹಗುರವಾದಷ್ಟೂ ಈ ರೋಶ್ ಮಿತಿ ಹೊರಕ್ಕೆ ಸರಿಯುತ್ತದೆ. ನಮ್ಮ ಧೂಮಕೇತುವಿಗೆ ಅದು ಗುರುವಿನ ತ್ರಿಜ್ಯದ ಸುಮಾರು 3.2 ಪಟ್ಟು.

ಆದರೆ ಅದು ಸುತ್ತುತ್ತಲೇ ಇರುವ ಚಂದ್ರನ ಲೆಕ್ಕ. ಸೆಕೆಂಡಿಗೆ 50 ಕಿ.ಮೀ. ವೇಗದಲ್ಲಿ ಹಾದುಹೋಗುವ ಕಾಯಕ್ಕೆ ಸಡಿಲಗೊಳ್ಳಲು ಸಮಯವೂ ಸಿಗಬೇಕಲ್ಲ! ಅಂಥದ್ದು ಇನ್ನೂ ಒಳಗೆ, ಸುಮಾರು 2.2 ಪಟ್ಟಿನೊಳಗೆ ಬಂದರೆ ಮಾತ್ರ ಹರಿದುಹೋಗುತ್ತದೆ. ಶೂಮೇಕರ್-ಲೆವಿ ಆ ವಲಯದಲ್ಲಿ ಕಳೆದದ್ದು ಹೆಚ್ಚೆಂದರೆ ಎರಡು ಗಂಟೆ.

ಆಮೇಲಿನದು ನನಗೆ ಇನ್ನೂ ಸ್ವಾರಸ್ಯಕರ ಎನಿಸುತ್ತದೆ. ಕಂಪ್ಯೂಟರ್ ಮಾದರಿಗಳ ಪ್ರಕಾರ ಧೂಮಕೇತು ಮೊದಲೇ ಬಿಡಿ ಕಲ್ಲು-ಮಂಜಿನ ರಾಶಿಯಾಗಿತ್ತು. ಅದು ಉದ್ದ ಸರವಾಗಿ ಚಾಚಿಕೊಂಡು ಗುರುವಿನಿಂದ ದೂರ ಸರಿದ ಮೇಲೆ, ಹತ್ತಿರ ಹತ್ತಿರದ ಚೂರುಗಳು ತಮ್ಮ ತಮ್ಮ ಗುರುತ್ವದಿಂದಲೇ ಮತ್ತೆ ಗುಂಪುಗೂಡಿದವು. ಸಾಂದ್ರತೆ ಹೆಚ್ಚಿದ್ದರೆ ಗುಂಪುಗಳು ಕಡಿಮೆಯಾಗುತ್ತಿದ್ದವು, ತೀರಾ ಹಗುರವಿದ್ದರೆ ಗುಂಪುಗಳೇ ಆಗುತ್ತಿರಲಿಲ್ಲ. ಯಾರೂ ಮುಟ್ಟದ ಧೂಮಕೇತುವಿನ ಸಾಂದ್ರತೆ 0.6 ಎಂದು ಅಂದಾಜಿಸಿದ್ದು ತುಣುಕುಗಳನ್ನು ಎಣಿಸಿ! 1994ರ ಜುಲೈ 16ರಿಂದ 22ರವರೆಗೆ ಅವು ಒಂದೊಂದಾಗಿ ಗುರುವಿಗೆ ಅಪ್ಪಳಿಸಿದವು. ಆದ ಕಪ್ಪು ಕಲೆಗಳು ಸಣ್ಣ ದೂರದರ್ಶಕಗಳಿಗೂ ಕಂಡವು.

ಮಿತಿಯೊಳಗೆ ಹೋದದ್ದೆಲ್ಲ ಒಡೆಯುತ್ತದೆ ಎಂದುಕೊಳ್ಳಬೇಡಿ. ಭೂಮಿಯಿಂದ ಕೆಲವು ನೂರು ಕಿ.ಮೀ. ಎತ್ತರದ ಕೃತಕ ಉಪಗ್ರಹಗಳೆಲ್ಲ ರೋಶ್ ಮಿತಿಯೊಳಗೇ ಇವೆ. ಅವನ್ನು ಹಿಡಿದಿಟ್ಟಿರುವುದು ಗುರುತ್ವವಲ್ಲ, ಲೋಹದ ಗಟ್ಟಿತನ. ಮಂಗಳನ ಚಂದ್ರ ಫೋಬೋಸ್‌ನದೂ ಇದೇ ಕಥೆ. ದ್ರವಕ್ಕೆ ಹೇಳಿದ ಮಿತಿಯ ಒಳಗಿದ್ದೂ ಅದು ಒಂದಿಷ್ಟು ಗಟ್ಟಿತನದಿಂದ ಉಳಿದುಕೊಂಡಿದೆ. ಆದರೆ ಪ್ರತಿ ವರ್ಷ ಸುಮಾರು 1.8 ಸೆಂ.ಮೀ. ಮಂಗಳನತ್ತ ಇಳಿಯುತ್ತಿದೆ. ಇನ್ನು ಮೂರರಿಂದ ಐದು ಕೋಟಿ ವರ್ಷಗಳಲ್ಲಿ ಅದು ಒಂದೋ ಮಂಗಳನ ಮೇಲೆ ಬೀಳುತ್ತದೆ, ಇಲ್ಲವೇ ಪುಡಿಯಾಗಿ ಮಂಗಳನಿಗೆ ಉಂಗುರ ತೊಡಿಸುತ್ತದೆ.