ಆಗುಂಬೆ ಘಾಟಿ ಇಳಿದರೆ ಬ್ಯಾಟರಿಗೆ ಮರಳುವುದೆಷ್ಟು?

ಸಮುದ್ರಮಟ್ಟದಿಂದ ಸುಮಾರು 640 ಮೀಟರ್ ಎತ್ತರದಲ್ಲಿರುವ ಆಗುಂಬೆಯಿಂದ ಸೋಮೇಶ್ವರದ ಕಡೆಗೆ ಎಲೆಕ್ಟ್ರಿಕ್ ಕಾರಿನಲ್ಲಿ ಇಳಿದರೆ, 14 ಹೇರ್‌ಪಿನ್ ತಿರುವುಗಳು ಮುಗಿಯುವಷ್ಟರಲ್ಲಿ ಬ್ಯಾಟರಿಯ ಚಾರ್ಜ್ ಕಡಿಮೆಯಾಗುವ ಬದಲು ತುಸು ಏರಿರುತ್ತದೆ. ಹತ್ತುವಾಗ ಖರ್ಚಾದದ್ದು ಇಳಿಯುವಾಗ ವಾಪಸ್ಸು ಬಂತು ಎಂದು ಅನೇಕರು ಭಾವಿಸುತ್ತಾರೆ. ಬರುವುದು ನಿಜ, ಆದರೆ ಅರ್ಧಕ್ಕಿಂತ ಕಡಿಮೆ.

ಪೆಟ್ರೋಲ್ ಕಾರಿನಲ್ಲಿ ಬ್ರೇಕ್ ಪ್ಯಾಡುಗಳು ಡಿಸ್ಕನ್ನು ಅಪ್ಪಿ ಹಿಡಿಯುತ್ತವೆ, ಕಾರಿನ ಚಲನೆಯೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಎಲೆಕ್ಟ್ರಿಕ್ ಕಾರಿಗೆ ಇನ್ನೊಂದು ದಾರಿಯಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ ಚಕ್ರಗಳೇ ಮೋಟಾರನ್ನು ತಿರುಗಿಸತೊಡಗುತ್ತವೆ. ಆಗ ಮೋಟಾರು ಜನರೇಟರ್ ಆಗಿ ಕೆಲಸ ಮಾಡುತ್ತದೆ. ಹಳೆಯ ಸೈಕಲ್ಲಿನ ಡೈನಮೋ ಚಕ್ರಕ್ಕೆ ತಾಗಿದೊಡನೆ ಪೆಡಲು ಭಾರವಾಗುತ್ತಿತ್ತಲ್ಲ, ಇಲ್ಲಿ ಆ ಭಾರವೇ ಬ್ರೇಕು. ಹುಟ್ಟಿದ ವಿದ್ಯುತ್ತನ್ನು ಇನ್ವರ್ಟರ್ ಎಂಬ ಸಾಧನ ಏಕಮುಖ ಪ್ರವಾಹವಾಗಿ ಬದಲಿಸಿ ಬ್ಯಾಟರಿಗೆ ತುಂಬುತ್ತದೆ. ಇದನ್ನೇ ರೀಜನರೇಟಿವ್ ಬ್ರೇಕಿಂಗ್, ಚಿಕ್ಕದಾಗಿ ರೀಜನ್, ಎನ್ನುತ್ತಾರೆ.

ಈಗ ಘಾಟಿಯ ಲೆಕ್ಕ ಹಾಕೋಣ. ಜನರೂ ಸೇರಿ ಕಾರಿನ ತೂಕ 1600 ಕೆ.ಜಿ., ದಾರಿ 10 ಕಿ.ಮೀ., ಇಳಿತ 500 ಮೀಟರ್ ಎಂದಿಟ್ಟುಕೊಳ್ಳಿ. ಅಷ್ಟು ತೂಕ ಅಷ್ಟು ಎತ್ತರದಿಂದ ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 2.2 ಯೂನಿಟ್. ನಮ್ಮ ಮನೆಯ ಕರೆಂಟ್ ಬಿಲ್ಲಿನ ಯೂನಿಟ್ಟೇ ಇದು. ಇದರಲ್ಲಿ ಟೈರು ರಸ್ತೆಗೆ ಉಜ್ಜುವುದಕ್ಕೂ ಗಾಳಿಯನ್ನು ಸೀಳುವುದಕ್ಕೂ ಹೆಚ್ಚುಕಡಿಮೆ ಅರ್ಧ ಯೂನಿಟ್ ಹೋಗುತ್ತದೆ. ಉಳಿದ 1.7 ಯೂನಿಟ್ ಗೇರು, ಮೋಟಾರು, ಇನ್ವರ್ಟರ್ ದಾಟಿ ಬ್ಯಾಟರಿ ಸೇರಬೇಕು. ಪ್ರತಿ ಹಂತದಲ್ಲೂ ಒಂದಿಷ್ಟು ಬಿಸಿಯಾಗಿ ಕಳೆದುಹೋಗುವುದರಿಂದ ಕೊನೆಗೆ ಸಿಗುವುದು 1.3 ಯೂನಿಟ್ ಆಸುಪಾಸು. ಅದೇ ಘಾಟಿ ಹತ್ತುವಾಗ ಟೈರು, ಗಾಳಿ, ಮೋಟಾರಿನ ನಷ್ಟವೆಲ್ಲ ಸೇರಿ ಬ್ಯಾಟರಿ ಕೊಟ್ಟದ್ದು 3 ಯೂನಿಟ್‌ಗೂ ಮಿಕ್ಕಿ. ಅಂದರೆ ಮರಳಿದ್ದು ನೂರಕ್ಕೆ ನಲವತ್ತರಷ್ಟು. ಹಾಗಿದ್ದರೂ ಸಮತಟ್ಟು ರಸ್ತೆಯಲ್ಲಿ ಸುಮಾರು 10 ಕಿ.ಮೀ. ಓಡಲು ಅಷ್ಟು ಸಾಕು. ಪೆಟ್ರೋಲ್ ಕಾರಿನಲ್ಲಿ ಇದಿಷ್ಟೂ ಬಿಸಿಯಾಗಿ ಹೋಗುತ್ತಿತ್ತು.

ಈ ಲೆಕ್ಕ ಹೊಂದಬೇಕಾದರೆ ನಿಧಾನವಾಗಿ ಇಳಿಯಬೇಕು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಇಳಿಯುವಾಗ ಬ್ಯಾಟರಿಗೆ ಬರುವ ಶಕ್ತಿ ಸರಾಸರಿ ನಾಲ್ಕು ಕಿಲೋವಾಟ್, ಬ್ಯಾಟರಿ ಅದನ್ನು ಸಲೀಸಾಗಿ ನುಂಗುತ್ತದೆ. ಅದೇ ಕಾರು 80 ಕಿ.ಮೀ. ವೇಗದಲ್ಲಿರುವಾಗ ಎದುರಿಗೆ ದನ ಬಂದು ನಾಲ್ಕು ಸೆಕೆಂಡಿನಲ್ಲಿ ನಿಲ್ಲಿಸಬೇಕಾಯಿತೆನ್ನಿ. ಆಗ ಸರಾಸರಿ 100 ಕಿಲೋವಾಟ್, ಮೊದಲ ಕ್ಷಣದಲ್ಲಿ ಅದರ ಇಮ್ಮಡಿ ಶಕ್ತಿಯನ್ನು ಹೀರಬೇಕಾಗುತ್ತದೆ. ಸಾಧಾರಣ ಕಾರಿನ ಮೋಟಾರು, ಬ್ಯಾಟರಿಗೆ ಅದು ಸಾಧ್ಯವಿಲ್ಲ. ಬಹುಪಾಲು ಕೆಲಸವನ್ನು ಪ್ಯಾಡು, ಡಿಸ್ಕುಗಳೇ ಮಾಡುತ್ತವೆ.

ತೀರಾ ನಿಧಾನವೂ ಪ್ರಯೋಜನವಿಲ್ಲ. ಬ್ರೇಕಿನ ಒತ್ತು ಅಷ್ಟೇ ಇರಬೇಕಾದರೆ ಮೋಟಾರಿನ ಸುರುಳಿಯಲ್ಲಿ ಅಷ್ಟೇ ಪ್ರವಾಹ ಹರಿಯಬೇಕು, ಅಷ್ಟೇ ಬಿಸಿಯೂ ಹುಟ್ಟುತ್ತದೆ. ಆದರೆ ವೇಗ ಇಳಿದಂತೆ ಸಿಗುವ ಶಕ್ತಿ ಕುಗ್ಗುತ್ತದೆ. ಕೊನೆಗೆ ಬಂದದ್ದೆಲ್ಲ ಸುರುಳಿಯ ಬಿಸಿಗೇ ಸರಿಹೋಗುತ್ತದೆ. ಆದ್ದರಿಂದ ನಡಿಗೆಯ ವೇಗಕ್ಕೆ ಬಂದ ಮೇಲೆ ರೀಜನ್‌ನಿಂದ ಬ್ಯಾಟರಿಗೆ ಬರುವುದು ಏನೂ ಇಲ್ಲವೆನ್ನುವಷ್ಟು ಕಡಿಮೆ.

ಘಾಟಿಗೆ ಹೋಗುವವರು ಮುಖ್ಯವಾಗಿ ತಿಳಿದಿರಬೇಕಾದ್ದು ಬ್ಯಾಟರಿ ತುಂಬಿರುವಾಗ ಆಗುವ ತೊಂದರೆ. ಲಿಥಿಯಂ ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರುತ್ತವೆ. ಜಾಗ ತುಂಬಿದ ಮೇಲೂ ಪ್ರವಾಹ ನುಗ್ಗಿಸಿದರೆ ಅವು ಒಳಗೆ ಹೋಗಲಾರದೆ ಮೇಲ್ಮೈಯಲ್ಲೇ ಲೋಹವಾಗಿ ಅಂಟಿಕೊಂಡು ಬ್ಯಾಟರಿಯನ್ನು ಕೆಡಿಸುತ್ತವೆ. ತೀವ್ರ ಚಳಿಯಲ್ಲೂ ಹೀಗೆಯೇ ಆಗುತ್ತದೆ, ನಮ್ಮ ಕಡೆ ಅದರ ಭಯ ಕಡಿಮೆ. ಅದಕ್ಕಾಗಿ ಬ್ಯಾಟರಿಯ ನಿಯಂತ್ರಣ ವ್ಯವಸ್ಥೆ, ಚಾರ್ಜ್ ನೂರರ ಹತ್ತಿರ ಬಂದಂತೆ ರೀಜನ್ ತಗ್ಗಿಸುತ್ತದೆ, ಕೆಲವೊಮ್ಮೆ ಪೂರ್ತಿ ನಿಲ್ಲಿಸುತ್ತದೆ. ಆಗುಂಬೆಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ ಬೆಳಿಗ್ಗೆ ಇಳಿಯಲು ಹೊರಟವರಿಗೆ ಇದು ಮೊದಲ ತಿರುವಿನಲ್ಲೇ ಗೊತ್ತಾಗಬಹುದು: ಕಾಲು ತೆಗೆದರೂ ಕಾರು ಎಂದಿನಂತೆ ತಡೆಯದೆ ಜಾರುತ್ತದೆ, ಡ್ಯಾಶ್‌ಬೋರ್ಡಿನ ಚಾರ್ಜ್ ಸೂಚಕ ಮೇಲೇಳುವುದಿಲ್ಲ. ಕೆಲವು ಕಾರುಗಳು ಮಾಮೂಲಿ ಬ್ರೇಕನ್ನು ತಾವೇ ಬೆರೆಸುವುದರಿಂದ ಕಾಲಿಗೆ ವ್ಯತ್ಯಾಸ ತಿಳಿಯದು, ಸೂಚಕವನ್ನೇ ನೋಡಬೇಕು. ಪೂರ್ತಿ ಭಾರ ಹೊತ್ತ ಬ್ರೇಕು ಉದ್ದನೆಯ ಇಳಿಜಾರಿನಲ್ಲಿ ಕಾದು ಹಿಡಿತ ಕಳೆದುಕೊಳ್ಳುವ ಅಪಾಯವೂ ಇದೆ.

ಪರಿಹಾರ ಸುಲಭ. 40 ಯೂನಿಟ್ ಬ್ಯಾಟರಿಯ ಕಾರಿಗೆ ಇಡೀ ಘಾಟಿ ಸೇರಿಸುವುದು ಶೇ. 3ರಷ್ಟು ಮಾತ್ರ. ಆದ್ದರಿಂದ ಘಾಟಿಯ ಮೇಲೆ ಚಾರ್ಜಿಗೆ ಹಾಕಿದರೆ ಶೇ. 90ಕ್ಕೆ ನಿಲ್ಲಿಸಿ, ಉಳಿದದ್ದನ್ನು ಕೆಳಗೆ ಇಳಿದ ಮೇಲೆ ತುಂಬಿಸಿಕೊಳ್ಳಿ.