ಮೊದಲ ಸ್ಥಾನ ಯಾರಿಗೆ? ನಿಘಂಟು ಕ್ರಮ ಮತ್ತು ತೂಕದ ಮೊತ್ತ

ಬೋಧನಾಭ್ಯಾಸದ ಮೂರನೇ ವಾರದಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಂದ ವಿಜ್ಞಾನ ಮಾದರಿಗಳನ್ನು ಮಾಡಿಸಿದ್ದೆ. ತರಗತಿಯನ್ನು ತುಂಗಾ, ಕಾವೇರಿ, ಶರಾವತಿ ಎಂಬ ಮೂರು ಗುಂಪುಗಳಾಗಿ ಮಾಡಿದ್ದೆ. ಮೂರು ಮಾದರಿಗಳಲ್ಲಿ ಒಂದನ್ನು ಮಾತ್ರ ಶಾಲೆಯ ವಸ್ತುಪ್ರದರ್ಶನಕ್ಕೆ ಆರಿಸಬೇಕಿತ್ತು. ಮಾನದಂಡಗಳು ಮೂರು: ಪರಿಕಲ್ಪನೆಯ ಖಚಿತತೆ, ವಿವರಣೆ, ಅಚ್ಚುಕಟ್ಟುತನ. ಒಂದೊಂದಕ್ಕೂ 10 ಅಂಕ. ಕೆಲಸ ಶುರುವಾಗುವ ಮೊದಲೇ ಮಕ್ಕಳಿಗೆ ಹೇಳಿದ್ದೆ: "ನೋಡಿ, ಪರಿಕಲ್ಪನೆಯೇ ಎಲ್ಲಕ್ಕಿಂತ ಮುಖ್ಯ."

ತುಂಗಾ ಗುಂಪು ಪ್ಲಾಸ್ಟಿಕ್ ಕೊಳವೆಯ ತುದಿಗೆ ಜೇಡಿಮಣ್ಣು ಮೆತ್ತಿ, ಹಾಲು ಮತ್ತು ನೀರಿನ ಸಾಂದ್ರತೆಯನ್ನು ಹೋಲಿಸುವ ಸಾಧನ ಮಾಡಿತ್ತು. ನೋಡಲು ಸಾದಾ, ವಿಜ್ಞಾನ ಮಾತ್ರ ಸರಿಯಾಗಿತ್ತು. ಕಾವೇರಿ ಗುಂಪು ಎರಡು ಕೊಳವೆ ಮತ್ತು ಒಂದು ಗಡಿಯಾರ ಇಟ್ಟು ಧ್ವನಿಯ ಪ್ರತಿಫಲನವನ್ನು ತೋರಿಸಿತು. ಶರಾವತಿ ಗುಂಪಿನ ಹೃದಯದ ಮಾದರಿಯಲ್ಲಿ ಬಣ್ಣದ ನೀರು ಹರಿಯುತ್ತಿತ್ತು, ವಿವರಿಸಿದ ಹುಡುಗ ತಡವರಿಸಲೇ ಇಲ್ಲ. ಆದರೆ ಶ್ವಾಸಕೋಶಕ್ಕೆ ಹೋಗುವ ಅಪಧಮನಿಗೂ ಕೆಂಪು ಬಣ್ಣ ಹಚ್ಚಿದ್ದರು. ಅಪಧಮನಿ ಎಂದರೆ ಆಮ್ಲಜನಕಯುಕ್ತ ರಕ್ತವೇ ಎಂಬ ಸಾಮಾನ್ಯ ತಪ್ಪು ತಿಳಿವಳಿಕೆ ಅದು. ನಾನು ಕೊಟ್ಟ ಅಂಕಗಳು ಹೀಗಿದ್ದವು:

| ಗುಂಪು | ಪರಿಕಲ್ಪನೆ | ವಿವರಣೆ | ಅಚ್ಚುಕಟ್ಟು | ಮೊತ್ತ |
|---|---|---|---|---|
| ತುಂಗಾ | 9 | 5 | 6 | 20 |
| ಕಾವೇರಿ | 8 | 9 | 8 | 25 |
| ಶರಾವತಿ | 6 | 10 | 10 | 26 |

ಕೂಡಿದೆ, ಶರಾವತಿ ಪ್ರಥಮ ಎಂದು ಘೋಷಿಸಿದೆ. ಚಪ್ಪಾಳೆ ನಿಂತ ಮೇಲೆ ತುಂಗಾ ಗುಂಪಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ಪರಿಕಲ್ಪನೆಯೇ ಎಲ್ಲಕ್ಕಿಂತ ಮುಖ್ಯ ಅಂದಿದ್ರಲ್ಲ? ಅದರಲ್ಲಿ ನಮಗೇ ಜಾಸ್ತಿ ಬಂದಿದೆ. ಮತ್ತೆ ನಾವ್ಯಾಕೆ ಕೊನೆ?"

ನನ್ನ ಬಳಿ ಉತ್ತರ ಇರಲಿಲ್ಲ. "ಮೊತ್ತ ಕಡಿಮೆ ಇದೆಯಲ್ಲ" ಎಂದೆ. ಅವಳು ಕುಳಿತಳು. ಆದರೆ ಅವಳು ಕೇಳಿದ್ದು ಮೊತ್ತದ ಬಗ್ಗೆ ಅಲ್ಲ, ನನ್ನ ಮಾತಿನ ಬಗ್ಗೆ. ಆ ಸಂಜೆ ಅಂಕಪಟ್ಟಿ ಹಿಡಿದು ಕುಳಿತಾಗ ಗೊತ್ತಾಯಿತು: ನಾನು ಹೇಳಿದ ಮಾತಿನಲ್ಲಿ ಒಂದು ನಿಯಮ ಇತ್ತು, ನಾನು ಮಾಡಿದ ಲೆಕ್ಕದಲ್ಲಿ ಇನ್ನೊಂದು.

ಮೊದಲನೆಯ ನಿಯಮಕ್ಕೆ ನಿಘಂಟು ಕ್ರಮ ಎನ್ನಬಹುದು. ನಿಘಂಟಿನಲ್ಲಿ ಪದಗಳನ್ನು ಜೋಡಿಸುವಾಗ ಮೊದಲ ಅಕ್ಷರವನ್ನಷ್ಟೇ ನೋಡುತ್ತೇವೆ. ಅದು ಒಂದೇ ಆಗಿದ್ದರೆ ಮಾತ್ರ ಎರಡನೆಯ ಅಕ್ಷರಕ್ಕೆ ಹೋಗುತ್ತೇವೆ. 'ಕಮಲ', 'ಕರಡಿ' ಎರಡರಲ್ಲೂ ಮೊದಲ ಅಕ್ಷರ 'ಕ' ಆದ್ದರಿಂದ 'ಮ' ಮತ್ತು 'ರ' ನೋಡಬೇಕು. 'ಕಮಲ', 'ಗಿಡ' ಎಂದಾದರೆ ಎರಡನೆಯ ಅಕ್ಷರದ ಮಾತೇ ಬರುವುದಿಲ್ಲ. ಹಾಗೆಯೇ ಪರಿಕಲ್ಪನೆಯ ಅಂಕದಲ್ಲಿ ಯಾರು ಮುಂದೆಯೋ ಅವರೇ ಮೊದಲು, ಅಲ್ಲಿ ಸಮ ಬಂದರೆ ಮಾತ್ರ ವಿವರಣೆಯ ಅಂಕ, ಅದೂ ಸಮವಾದರೆ ಅಚ್ಚುಕಟ್ಟುತನ. ಈ ನಿಯಮದಲ್ಲಿ ತುಂಗಾ ಪ್ರಥಮ, ಶರಾವತಿ ಕೊನೆ.

ಎರಡನೆಯದು ತೂಕದ ಮೊತ್ತ. ಪ್ರತಿ ಮಾನದಂಡಕ್ಕೂ ಒಂದು ತೂಕ ಕೊಟ್ಟು, ಅಂಕವನ್ನು ಅದರಿಂದ ಗುಣಿಸಿ ಕೂಡುವುದು. ನಾನು ತೂಕವನ್ನೇ ಕೊಟ್ಟಿಲ್ಲ ಎಂದುಕೊಂಡಿದ್ದೆ. ಆದರೆ ಸುಮ್ಮನೆ ಕೂಡುವುದೆಂದರೆ ಮೂರಕ್ಕೂ 1ರ ತೂಕ ಕೊಟ್ಟಂತೆಯೇ. 'ಎಲ್ಲಕ್ಕಿಂತ ಮುಖ್ಯ' ಎಂದು ಹೇಳಿ, ಎಲ್ಲಕ್ಕೂ ಸಮ ತೂಕ ಹಾಕಿದ್ದೆ.

ಹಾಗಾದರೆ ಪರಿಕಲ್ಪನೆಗೆ ಹೆಚ್ಚು ತೂಕ ಕೊಟ್ಟಿದ್ದರೆ? ಅದರ ತೂಕ x, ಉಳಿದೆರಡರದು 1 ಎಂದು ಇಟ್ಟುಕೊಳ್ಳೋಣ. ಆಗ ತುಂಗಾ 9x + 11, ಕಾವೇರಿ 8x + 17, ಶರಾವತಿ 6x + 20. x = 1 ಆದಾಗ ಶರಾವತಿ 26 ಅಂಕದಿಂದ ಮುಂದೆ. x = 2 ಆದಾಗ ಕಾವೇರಿ 33, ಶರಾವತಿ 32, ತುಂಗಾ 29. x = 7 ಆದಾಗ ತುಂಗಾ 74, ಕಾವೇರಿ 73, ಶರಾವತಿ 62. ಸಮೀಕರಣ ಬಿಡಿಸಿದರೆ ಸ್ಥಾನ ಬದಲಾಗುವ ಜಾಗಗಳೂ ಸಿಗುತ್ತವೆ: x 1.5ಕ್ಕಿಂತ ಕಡಿಮೆ ಇದ್ದರೆ ಶರಾವತಿ, 1.5 ಮತ್ತು 6ರ ನಡುವೆ ಇದ್ದರೆ ಕಾವೇರಿ, 6 ದಾಟಿದರೆ ತುಂಗಾ. ಅಂಕಗಳಲ್ಲಿ ಒಂದನ್ನೂ ತಿದ್ದದೆ ಮೂರು ಗುಂಪುಗಳನ್ನೂ ಮೊದಲ ಸ್ಥಾನಕ್ಕೆ ತರಬಹುದಿತ್ತು!

ಇದನ್ನು ಮಕ್ಕಳ ಮುಂದೆಯೇ ಬಿಡಿಸಬೇಕು ಅನಿಸಿತು. ಗಣಿತವೂ ನನ್ನ ಬೋಧನಾ ವಿಷಯವಾದ್ದರಿಂದ ಮುಂದಿನ ಅವಧಿಗೆ ಇದನ್ನೇ ಪಾಠಯೋಜನೆ ಮಾಡಿಕೊಂಡೆ. ನೇರವಾಗಿ ಅವರ ಅಂಕಗಳಿಂದ ಶುರು ಮಾಡಿದರೆ ಜಗಳವಾದೀತೆಂದು 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪದಕಪಟ್ಟಿ ತೆಗೆದುಕೊಂಡೆ. ಪಾಕಿಸ್ತಾನಕ್ಕೆ ಬಂದದ್ದು ಜಾವೆಲಿನ್‌ನಲ್ಲಿ ಅರ್ಷದ್ ನದೀಮ್ ಗೆದ್ದ ಒಂದೇ ಒಂದು ಚಿನ್ನ. ಭಾರತಕ್ಕೆ ನೀರಜ್ ಚೋಪ್ರಾ ಅವರ ಬೆಳ್ಳಿ ಮತ್ತು 5 ಕಂಚು, ಒಟ್ಟು 6 ಪದಕ. ಪಟ್ಟಿಯಲ್ಲಿ ಪಾಕಿಸ್ತಾನ 62ನೇ ಸ್ಥಾನದಲ್ಲಿ, ಭಾರತ 71ರಲ್ಲಿ. ಕಪ್ಪುಹಲಗೆಯ ಮೇಲೆ ಇಷ್ಟು ಬರೆಯುತ್ತಿದ್ದಂತೆ "ಇದು ಮೋಸ ಮೇಡಂ" ಎಂದು ಹಿಂದಿನ ಬೆಂಚಿನಿಂದ ಕೂಗು ಬಂತು.

ಮೋಸವಲ್ಲ, ನಿಘಂಟು ಕ್ರಮ. ಮೊದಲು ಚಿನ್ನ ಎಣಿಸುತ್ತಾರೆ, ಸಮವಾದರೆ ಬೆಳ್ಳಿ, ಅದೂ ಸಮವಾದರೆ ಕಂಚು. ಅದೇ ಪಟ್ಟಿಯ ತುದಿಯಲ್ಲಿ ಅಮೆರಿಕ ಮತ್ತು ಚೀನಾ ಎರಡಕ್ಕೂ 40 ಚಿನ್ನ. ಅಲ್ಲಿ ಬೆಳ್ಳಿ ಮಾತಾಡಿತು: ಅಮೆರಿಕಕ್ಕೆ 44, ಚೀನಾಕ್ಕೆ 27. ಈಗ ತೂಕ ಹಾಕಿ ಎಂದೆ. ಚಿನ್ನಕ್ಕೆ 3, ಬೆಳ್ಳಿಗೆ 2, ಕಂಚಿಗೆ 1 ಎಂದಾದರೆ ಪಾಕಿಸ್ತಾನಕ್ಕೆ 3, ಭಾರತಕ್ಕೆ 7. ತರಗತಿಗೆ ಸಮಾಧಾನವಾಯಿತು. 10, 5, 1 ಎಂದಾದರೆ? ಇಬ್ಬರಿಗೂ 10. ಚಿನ್ನದ ತೂಕವನ್ನು 12 ಮಾಡಿದರೆ ಪಾಕಿಸ್ತಾನವೇ ಮುಂದೆ. ಸಮಾಧಾನ ಹೋಯಿತು, ಯೋಚನೆ ಶುರುವಾಯಿತು.

ಇಲ್ಲಿ ಸ್ಥಾನಬೆಲೆ ನನ್ನ ನೆರವಿಗೆ ಬಂತು. ಪದಕಗಳನ್ನು ನೂರು, ಹತ್ತು, ಬಿಡಿ ಸ್ಥಾನಗಳಲ್ಲಿ ಬರೆದರೆ ಪಾಕಿಸ್ತಾನ 100, ಭಾರತ 015. ಎರಡು ಸಂಖ್ಯೆಗಳನ್ನು ಹೋಲಿಸುವಾಗ ನಾವು ಎಡದಿಂದ ಅಂಕಿ ನೋಡುತ್ತಾ ಬರುವುದು ನಿಘಂಟು ಕ್ರಮವೇ. ಆದರೆ ಸಂಖ್ಯೆಯ ಬೆಲೆ 100, 10, 1 ಎಂಬ ತೂಕಗಳ ಮೊತ್ತವೂ ಹೌದು. ಅಂದರೆ ನಿಘಂಟು ಕ್ರಮ ಬೇರೆ ಜಾತಿಯದಲ್ಲ. ಕೆಳಗಿನ ಮಾನದಂಡಗಳೆಲ್ಲ ಸೇರಿದರೂ ಮೇಲಿನದನ್ನು ಮುಟ್ಟಲಾಗದಷ್ಟು ದೊಡ್ಡ ತೂಕ ಕೊಟ್ಟರೆ ತೂಕದ ಮೊತ್ತವೇ ನಿಘಂಟು ಕ್ರಮವಾಗುತ್ತದೆ. ಒಂದು ಎಚ್ಚರ ಬೇಕು: ಒಂದು ದೇಶಕ್ಕೆ 10 ಬೆಳ್ಳಿ, 1 ಕಂಚು ಬಂದರೆ ಅದರ ಮೊತ್ತ 101 ಆಗಿ, ಒಂದು ಚಿನ್ನದ 100ನ್ನು ದಾಟಿಬಿಡುತ್ತದೆ. ಆದ್ದರಿಂದ ಅಮೆರಿಕ, ಚೀನಾಗಳಿಗೆ ಒಂದೊಂದು ಪದಕಕ್ಕೂ ಎರಡೆರಡು ಸ್ಥಾನ ಬೇಕು: 404442 ಮತ್ತು 402724. ನಮ್ಮ ಮಾದರಿಗಳಲ್ಲಿ ಉಳಿದೆರಡು ಮಾನದಂಡಗಳಿಂದ ಹೆಚ್ಚೆಂದರೆ 20 ಅಂಕಗಳ ಅಂತರ ಬರಬಹುದು. ಹಾಗಾಗಿ ಯಾವ ಅಂಕ ಬಂದರೂ ಪರಿಕಲ್ಪನೆಯೇ ತೀರ್ಮಾನಿಸಬೇಕಾದರೆ ಅದರ ತೂಕ 20ಕ್ಕಿಂತ ಹೆಚ್ಚಿರಬೇಕು.

ಯಾವ ನಿಯಮ ಸರಿ ಎಂದು ಮಕ್ಕಳು ಕೇಳಿದರು. ಎರಡಕ್ಕೂ ಅದರದರ ತೊಡಕು ಇದೆ. ನಿಘಂಟು ಕ್ರಮದಲ್ಲಿ ತುಂಗಾದ 9 ಮತ್ತು ಕಾವೇರಿಯ 8ರ ನಡುವಿನ ಒಂದೇ ಅಂಕ ಎಲ್ಲವನ್ನೂ ತೀರ್ಮಾನಿಸುತ್ತದೆ. ಆ ಒಂದು ಅಂಕದ ಬಗ್ಗೆ ನನಗೆಷ್ಟು ಖಾತ್ರಿ? ಮರುದಿನ ಅದೇ ಮಾದರಿಗೆ 8 ಕೊಟ್ಟಿದ್ದರೂ ಕೊಟ್ಟೆ. ಚಿನ್ನದ ಪದಕದ ಎಣಿಕೆಯಲ್ಲಿ ಅಂಥ ಅನುಮಾನವಿಲ್ಲ, ಶಿಕ್ಷಕರ ಕಣ್ಣಳತೆಯಲ್ಲಿ ಇದೆ.

ತೂಕದ ಮೊತ್ತದ ತೊಡಕು ಬೇರೆ. ಅಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ತಪ್ಪು ಬಣ್ಣದ ಅಪಧಮನಿಯನ್ನು ಒಳ್ಳೆಯ ಮಾತುಗಾರಿಕೆ ಮುಚ್ಚಿತು. ಇದರ ಜೊತೆಗೆ ಕಣ್ಣಿಗೆ ಕಾಣದ ತೂಕವೊಂದಿದೆ. ನನ್ನ ಪಟ್ಟಿಯಲ್ಲಿ ಪರಿಕಲ್ಪನೆಯ ಅಂಕಗಳು 6ರಿಂದ 9ರವರೆಗೆ, ವಿವರಣೆಯವು 5ರಿಂದ 10ರವರೆಗೆ ಹರಡಿವೆ. ಅಂತರ ಹೆಚ್ಚಿರುವ ಮಾನದಂಡವೇ ಮೊತ್ತವನ್ನು ಹೆಚ್ಚು ಎಳೆಯುತ್ತದೆ. ಪರಿಕಲ್ಪನೆಗೆ ಎಲ್ಲರಿಗೂ 8 ಕೊಟ್ಟಿದ್ದರೆ, ಅದಕ್ಕೆ 5ರ ತೂಕ ಹಾಕಿದರೂ ಸ್ಥಾನಗಳಲ್ಲಿ ಏನೂ ಬದಲಾಗುತ್ತಿರಲಿಲ್ಲ. ಆದ್ದರಿಂದ ತೂಕವನ್ನಷ್ಟೇ ಅಲ್ಲ, ಅಂಕಗಳ ಹರವನ್ನೂ ನೋಡಬೇಕು.

ನಿಯಮ ಆರಿಸಲು ನನಗೆ ಈಗ ಉಪಯೋಗಕ್ಕೆ ಬರುವ ಪ್ರಶ್ನೆ ಒಂದೇ: ಮೊದಲ ಮಾನದಂಡದಲ್ಲಿ ಒಂದು ಅಂಕ ಬಿಟ್ಟುಕೊಡಲು ಎರಡನೆಯದರಲ್ಲಿ ಎಷ್ಟು ಅಂಕ ಬೇಕು? "ಎಷ್ಟು ಕೊಟ್ಟರೂ ಬಿಡುವುದಿಲ್ಲ" ಎಂಬುದು ಉತ್ತರವಾದರೆ ನಿಘಂಟು ಕ್ರಮ. "ಎರಡು ಸಾಕು" ಎಂದಾದರೆ ತೂಕ 2 ಮತ್ತು 1. ಇವೆರಡರ ನಡುವಿನ ದಾರಿಯೂ ಇದೆ: ಪರಿಕಲ್ಪನೆಯಲ್ಲಿ ಕನಿಷ್ಠ 7 ಬರಲೇಬೇಕು, ಬಂದವರಲ್ಲಿ ಮೊತ್ತ ನೋಡುವುದು. ನಮ್ಮ ಪಟ್ಟಿಯಲ್ಲಿ ಹಾಗೆ ಮಾಡಿದರೆ ಶರಾವತಿ ಹೊಸ್ತಿಲಲ್ಲೇ ನಿಲ್ಲುತ್ತದೆ, ಉಳಿದಿಬ್ಬರಲ್ಲಿ ಕಾವೇರಿ ಪ್ರಥಮ.

ಅಂಕಗಳನ್ನು ನೋಡಿದ ಮೇಲೆ ನಿಯಮ ಆರಿಸಿದರೆ ನಾವು ಆರಿಸುವುದು ನಿಯಮವನ್ನಲ್ಲ, ಗೆಲ್ಲುವವರನ್ನು. ಹಾಗಾಗಿ ಫಲಿತಾಂಶ ಬದಲಿಸಲಿಲ್ಲ. ಶರಾವತಿ ಗುಂಪು ಅಪಧಮನಿಗೆ ನೀಲಿ ಬಣ್ಣ ಬಳಿದು ವಸ್ತುಪ್ರದರ್ಶನಕ್ಕೆ ಹೋಯಿತು. ಆದರೆ ತರಗತಿಯ ಮುಂದೆ ನಿಂತು ಆ ಹುಡುಗಿಗೆ ಹೇಳಿದೆ: "ನಿನ್ನ ಪ್ರಶ್ನೆ ಸರಿಯಾಗಿತ್ತು. ನಾನು ಹೇಳಿದ್ದು ಒಂದು, ಲೆಕ್ಕ ಹಾಕಿದ್ದು ಇನ್ನೊಂದು." ಅವಳು ತಲೆಯಾಡಿಸಿ, "ಮುಂದಿನ ಸಲ ಮೊದಲೇ ಬೋರ್ಡ್ ಮೇಲೆ ಬರೀರಿ ಮೇಡಂ" ಎಂದಳು. ಮುಂದಿನ ಚಟುವಟಿಕೆಯ ಪಾಠಯೋಜನೆಯಲ್ಲಿ ಮಾನದಂಡಗಳ ಕೆಳಗೆ ಒಂದು ಸಾಲು ಹೆಚ್ಚಿಗೆ ಬರೆದೆ: ಪರಿಕಲ್ಪನೆಯಲ್ಲಿ 7 ಕಡ್ಡಾಯ, ನಂತರ ಮೊತ್ತ. ಮಕ್ಕಳು ಕೆಲಸ ಶುರು ಮಾಡುವ ಮೊದಲೇ ಅದನ್ನು ಬೋರ್ಡಿನ ಮೇಲೂ ಬರೆದೆ.